ಸ್ಕ್ರೀನ್‌ಶಾಟಿನೊಳಗಿನ ಒತ್ತಕ್ಷರ

ವಾಟ್ಸ್‌ಆ್ಯಪ್ ಮಾತುಕತೆಯ ಸ್ಕ್ರೀನ್‌ಶಾಟ್ ಅಸಲಿಯೋ ನಕಲಿಯೋ ಎಂದು ನೋಡುವವರು ಸಾಮಾನ್ಯವಾಗಿ ನಾಲ್ಕು ಕಡೆ ಕಣ್ಣು ಹಾಯಿಸುತ್ತಾರೆ: ಮೆಸೇಜುಗಳ ನಡುವಿನ ಅಂತರ, ಸಮಯ, ಬ್ಯಾಟರಿ ಚಿಹ್ನೆ, ಫಾಂಟ್. ಇವುಗಳಲ್ಲಿ ಅತಿ ಹೆಚ್ಚು ನಂಬಿಕೆ ಇರುವುದು ಫಾಂಟಿನ ಮೇಲೆ. ಕನ್ನಡದ ಮಟ್ಟಿಗೆ ಅತಿ ಹೆಚ್ಚು ದಾರಿ ತಪ್ಪಿಸುವುದೂ ಅದೇ.

ಆಂಡ್ರಾಯ್ಡ್ ಫೋನಿನ ಮಾಮೂಲಿ ಇಂಗ್ಲಿಷ್ ಫಾಂಟ್ ರೊಬೊಟೊ. ಅದರಲ್ಲಿ ಕನ್ನಡದ ಅಕ್ಷರಗಳಿಲ್ಲ. ಕನ್ನಡ ಬಂದ ಕಡೆ ಫೋನು ತಾನಾಗಿಯೇ ನೋಟೊ ಸಾನ್ಸ್ ಕನ್ನಡದಂಥ ಬೇರೊಂದು ಫಾಂಟಿನಿಂದ ಅಕ್ಷರ ತರುತ್ತದೆ. ಪಾವಗಡದ ಕಡೆ ಕನ್ನಡ, ತೆಲುಗು ಎರಡನ್ನೂ ಆಡುವವರು ಒಂದೇ ಸಾಲಿನಲ್ಲಿ ಮೂರು ಲಿಪಿ ಬೆರೆಸಿ ಬರೆದರೆ, ತೆರೆಯ ಮೇಲೆ ಮೂರು ಫಾಂಟ್ ಕಾಣುವುದು ಸಹಜ. ಅಕ್ಷರದ ದಪ್ಪ, ಎತ್ತರ ಹೊಂದುತ್ತಿಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು ನಕಲಿ ಎಂದರೆ ಪ್ರಾಮಾಣಿಕ ಮನುಷ್ಯನೊಬ್ಬ ಸುಳ್ಳುಗಾರನಾಗುತ್ತಾನೆ.

ಕನ್ನಡದಲ್ಲಿ ನೋಡಬೇಕಾದ್ದು ಒತ್ತಕ್ಷರವನ್ನು. ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಜಮೀನಿನ ತಕರಾರೊಂದರಲ್ಲಿ ಒಬ್ಬರು ಸ್ಕ್ರೀನ್‌ಶಾಟ್ ತೋರಿಸುತ್ತಾರೆ: ‘ಸಿದ್ದರಬೆಟ್ಟದ ಹೊಲದ ಅಡ್ವಾನ್ಸು ಮುಟ್ಟಿತು ಅಣ್ಣ.’ ಈ ಸಣ್ಣ ವಾಕ್ಯದಲ್ಲೇ ದ್ದ, ಟ್ಟ, ಡ್ವಾ, ನ್ಸು, ಣ್ಣ ಇವೆ. ಫೋನಿನಲ್ಲಿ ಯೂನಿಕೋಡ್ ಅಕ್ಷರಗಳನ್ನು ಜೋಡಿಸುವ ತಂತ್ರಾಂಶ ಪ್ರತಿ ಒತ್ತನ್ನೂ ಅದರ ಜಾಗದಲ್ಲಿ ಕೂರಿಸುತ್ತದೆ. ಹಳೆಯ ಚಿತ್ರ ತಿದ್ದುವ ತಂತ್ರಾಂಶಗಳಲ್ಲಿ, ಅಥವಾ ಹೊಸದರಲ್ಲೂ ಭಾರತೀಯ ಲಿಪಿಗಳ ಆಯ್ಕೆ ಹಾಕಿಕೊಳ್ಳದಿದ್ದರೆ, ಅದೇ ಹೆಸರು ‘ಸಿದ್‌ದರಬೆಟ್‌ಟ’ ಎಂದು ಒಡೆದು ಕೂರುತ್ತದೆ. ಈ ತೊಡಕು ತಪ್ಪಿಸಲು ಡಿಟಿಪಿ ಮಾಡುವವರು ಬಹುಕಾಲದಿಂದ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಯೂನಿಕೋಡ್ ಅಲ್ಲದ ಫಾಂಟುಗಳನ್ನು ಬಳಸುತ್ತ ಬಂದಿದ್ದಾರೆ. ಮದುವೆ ಪತ್ರಿಕೆ, ಕರಪತ್ರಗಳಿಂದ ಆ ಅಕ್ಷರದ ದುಂಡು ನಮಗೆಲ್ಲ ಪರಿಚಿತ. ಆ ದುಂಡು ವಾಟ್ಸ್‌ಆ್ಯಪ್ ಮೆಸೇಜಿನೊಳಗೆ ಕಂಡರೆ, ಆ ಸಾಲು ಫೋನಿನಲ್ಲಲ್ಲ, ಕಂಪ್ಯೂಟರಿನಲ್ಲಿ ಕೂರಿಸಿದ್ದು ಎಂಬ ಅನುಮಾನಕ್ಕೆ ಗಟ್ಟಿ ಆಧಾರವಿದೆ. ಮೆಸೇಜಿನ ಕೆಳ ಅಂಚಿನಲ್ಲಿ ಒತ್ತಕ್ಷರ ಕತ್ತರಿಸಿಹೋಗಿದ್ದರೂ ಅಲ್ಲಿ ನಿಂತು ನೋಡಬೇಕು. ನಕಲಿ ಸ್ಕ್ರೀನ್‌ಶಾಟ್ ತಯಾರಿಸಲು ಇಂಗ್ಲಿಷ್ ಅಳತೆಗೆ ಮಾಡಿದ ಅಚ್ಚುಗಳು ಒತ್ತಿಗೆ ಬೇಕಾದ ಜಾಗ ಬಿಟ್ಟಿರುವುದಿಲ್ಲ.

ಬ್ಯಾಟರಿಯ ಗುರುತು ಒಂಟಿಯಾಗಿ ಏನನ್ನೂ ಹೇಳುವುದಿಲ್ಲ. ಒಂದರ ಹಿಂದೊಂದು ತೆಗೆದದ್ದು ಎನ್ನುವ ಹಲವು ಚಿತ್ರಗಳಲ್ಲಿ ಚಾರ್ಜಿಗೆ ಹಾಕಿದ ಗುರುತಿಲ್ಲದೆ 40 ಇದ್ದದ್ದು 70 ಆಗಿದ್ದರೆ ಮಾತ್ರ ಅದಕ್ಕೆ ಬೆಲೆ. ಐಫೋನ್ ಚಿತ್ರದಲ್ಲಿ 9:41 ಎಂಬ ಸಮಯ, ತುಂಬಿದ ಬ್ಯಾಟರಿ ಎರಡೂ ಇದ್ದರೆ ಅನುಮಾನಿಸಬಹುದು. ಆಪಲ್ ಕಂಪನಿ ತನ್ನ ಜಾಹೀರಾತುಗಳಲ್ಲಿ ತೋರಿಸುವ ಸಮಯ ಅದು, ಅಚ್ಚುಗಳಲ್ಲೂ ಹಾಗೇ ಉಳಿದುಬಿಡುತ್ತದೆ. ಆದರೆ ನಿಜವಾದ ಫೋನಿನಲ್ಲೂ 9:41 ದಿನಕ್ಕೆ ಎರಡು ಸಲ ಬರುತ್ತದಲ್ಲ! ಸಾಲಾಗಿ ಬಂದ ಒಬ್ಬರದೇ ಮೆಸೇಜುಗಳಲ್ಲಿ ಪ್ರತಿಯೊಂದರ ಚೌಕಕ್ಕೂ ಮೂಲೆಯಲ್ಲಿ ಬಾಲ ಇರುವುದು, ಬಂದ ಮೆಸೇಜಿಗೂ ಟಿಕ್ ಗುರುತು ಇರುವುದು ಇದಕ್ಕಿಂತ ಬಲವಾದ ಸುಳಿವುಗಳು. ಟಿಕ್ ಬೀಳುವುದು ನಾವು ಕಳಿಸಿದ್ದಕ್ಕೆ ಮಾತ್ರ.

ಎಲ್ಲಕ್ಕಿಂತ ಬಲವಾದದ್ದು ಕಾಲದ ವಿರೋಧ. 2017ರಲ್ಲಿ ಪಾಕಿಸ್ತಾನದ ಪ್ರಧಾನಿ ನವಾಜ್ ಷರೀಫ್ ಕುಟುಂಬ ಒಪ್ಪಿಸಿದ್ದ ಕಾಗದಪತ್ರದಲ್ಲಿ ಫೆಬ್ರವರಿ 2006ರ ತಾರೀಖಿತ್ತು. ಅಕ್ಷರ ಮಾತ್ರ ಕ್ಯಾಲಿಬ್ರಿ. ಆ ಫಾಂಟ್ ಜನಬಳಕೆಗೆ ಬಂದದ್ದು 2007ರಲ್ಲಿ. ವಾಟ್ಸ್‌ಆ್ಯಪ್‌ನಲ್ಲೂ ಇಂಥ ಗಡಿಗಳಿವೆ. ನೀಲಿ ಟಿಕ್ ಬಂದದ್ದು ನವೆಂಬರ್ 2014ರಲ್ಲಿ, ಕಳಿಸಿದ ಮೆಸೇಜನ್ನು ತಿದ್ದುವ ಸೌಲಭ್ಯ ಮೇ 2023ರಲ್ಲಿ. 2021ರ ಮಾತುಕತೆಯೆಂದು ತೋರಿಸುವ ಚಿತ್ರದಲ್ಲಿ ‘Edited’ ಎಂದಿದ್ದರೆ ತಾರೀಖು ಸುಳ್ಳು. ಆದರೆ ಹಳೆಯ ಮಾತುಕತೆಯ ಚಿತ್ರವನ್ನು ಇಂದು ತೆಗೆದರೆ ಹೊಸ ವಿನ್ಯಾಸವೇ ಕಾಣುತ್ತದೆ. ಬಣ್ಣ, ಗುಂಡಿಗಳ ಆಕಾರ ನೋಡಿ ಕಾಲ ನಿರ್ಣಯಿಸುವಂತಿಲ್ಲ.

ಇಷ್ಟಾದ ಮೇಲೂ ಈ ಇಡೀ ಪರೀಕ್ಷೆಗೆ ದೊಡ್ಡ ಮಿತಿಯೊಂದಿದೆ. ಮನೆಯಲ್ಲಿರುವ ಇನ್ನೊಂದು ನಂಬರನ್ನು ಎದುರಾಳಿಯ ಹೆಸರಿನಲ್ಲಿ ಸೇವ್ ಮಾಡಿ, ಅವರ ಫೋಟೋ ಹಾಕಿ, ಎರಡೂ ಕಡೆಯಿಂದ ತಾನೇ ಮೆಸೇಜು ಕಳಿಸಿಕೊಂಡರೆ ಬರುವ ಸ್ಕ್ರೀನ್‌ಶಾಟಿನಲ್ಲಿ ಫಾಂಟ್, ಅಂತರ, ಟಿಕ್, ಒತ್ತಕ್ಷರ ಎಲ್ಲವೂ ಅಸಲಿ. ಸುಳ್ಳಾಗಿರುವುದು ಮನುಷ್ಯನ ಹೆಸರು ಮಾತ್ರ. ಕಂಪ್ಯೂಟರಿನ ವಾಟ್ಸ್‌ಆ್ಯಪ್ ವೆಬ್‌ನಲ್ಲಿ ಬ್ರೌಸರಿನೊಳಗೇ ಅಕ್ಷರ ಬದಲಿಸಿದರೂ ಅಷ್ಟೇ, ಕಣ್ಣಿಗೆ ಯಾವ ದೋಷವೂ ಸಿಗದು. ಕಣ್ಣಿನ ಪರೀಕ್ಷೆ ಕೆಲವು ನಕಲಿಗಳನ್ನು ಹಿಡಿಯಬಲ್ಲದು. ಯಾವುದನ್ನೂ ಅಸಲಿ ಎಂದು ಸಾಬೀತುಪಡಿಸಲಾರದು.

ಕಾನೂನು ಚಿತ್ರದಾಚೆಗೆ ಹೋಗುವುದು ಇದಕ್ಕೇ. 1 ಜುಲೈ 2024ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ದಾಖಲೆಯ ಜೊತೆ ಪ್ರಮಾಣಪತ್ರ ಬೇಕು. ಅದರಲ್ಲಿ ಯಾವ ಸಾಧನದಿಂದ ತೆಗೆದದ್ದು ಎಂಬ ವಿವರವೂ ಕಡತದ ಹ್ಯಾಶ್ ಮೌಲ್ಯವೂ ಇರಬೇಕು. ಅದೇ ಜುಲೈನಲ್ಲಿ ಡೆಲ್ ಕಂಪನಿಯ ಪ್ರಕರಣವೊಂದರಲ್ಲಿ ದೆಹಲಿ ಹೈಕೋರ್ಟ್, ಪ್ರಮಾಣಪತ್ರವಿಲ್ಲದ ವಾಟ್ಸ್‌ಆ್ಯಪ್ ಮಾತುಕತೆಯನ್ನು ಸಾಕ್ಷ್ಯವಾಗಿ ಪರಿಗಣಿಸಲಾಗದು ಎಂದಿತು. ಮಧುಗಿರಿಯಲ್ಲೋ ಶಿರಾದಲ್ಲೋ ಊರಿನ ಹಿರಿಯರೆದುರು ಇಂಥ ಚಿತ್ರ ಬಂದಾಗ ಇಷ್ಟೆಲ್ಲ ನಡೆಯಲಿಕ್ಕಿಲ್ಲ. ಆದರೂ ಫೋನನ್ನೇ ತರಿಸಿ, ಆ ಹೆಸರನ್ನು ಒತ್ತಿ, ಹಿಂದಿರುವ ಹತ್ತು ಅಂಕಿಯ ನಂಬರು ಯಾರದೆಂದು ನೋಡಬಹುದು. ಅದೇ ಮಾತುಕತೆಯನ್ನು ಎದುರಿನವರ ಫೋನಿನಲ್ಲೂ ತೆರೆಸಬಹುದು.