ಸಾಲು ಸಾಲಿಗೂ ರೌಂಡ್ ಆಫ್: ತಾಳೆಯಾಗುವ ತಪ್ಪು ಲೆಕ್ಕ

ಹಲವು ದೇಶಗಳ ಮಾರಾಟವನ್ನು ಒಂದೇ ಕರೆನ್ಸಿಗೆ ತಂದು ವರದಿ ಮಾಡುವ ಕಚೇರಿಗಳಲ್ಲಿ ಒಂದು ಮಾತು ಬೇರೂರಿದೆ. ಪ್ರತಿ ಬಿಲ್ಲನ್ನೂ ಆ ದಿನದ ದರದಲ್ಲಿ ಪರಿವರ್ತಿಸಿ, ಆಗಲೇ ಎರಡು ದಶಾಂಶಕ್ಕೆ ರೌಂಡ್ ಆಫ್ ಮಾಡಿಬಿಡಿ. ಕೂಡಿದಾಗ ಪೈಸೆ ಬಿಡದೆ ತಾಳೆಯಾಗುತ್ತದೆ, ಆಡಿಟರ್ ಕೂಡ ಪ್ರಶ್ನಿಸುವುದಿಲ್ಲ. ಇನ್ನು ರೌಂಡಿಂಗ್ ದೋಷವೇ? ಒಂದು ಸಾಲಿನಲ್ಲಿ ಹೆಚ್ಚಾದದ್ದು ಇನ್ನೊಂದರಲ್ಲಿ ಕಡಿಮೆಯಾಗಿ ಕೊನೆಗೆ ಸರಿಹೋಗುತ್ತದೆ ಎನ್ನುತ್ತಾರೆ. ಈ ಮಾತಿನ ಎರಡನೇ ಅರ್ಧ ತಪ್ಪು. ಅದು ತಪ್ಪಾದ ಮೇಲೆ ಮೊದಲ ಅರ್ಧಕ್ಕೆ ನಿಲ್ಲಲು ನೆಲೆಯೇ ಇರುವುದಿಲ್ಲ.

ಹೆಚ್ಚು ಕಡಿಮೆಗಳು ಪರಸ್ಪರ ಅಳಿಸಿಹೋಗಬೇಕಾದರೆ ಮೊತ್ತಗಳು ಚದುರಿರಬೇಕು. ದಿನಸಿ ಅಂಗಡಿಯ ಬಿಲ್ಲುಗಳು ಹಾಗಿರುತ್ತವೆ. ಒಂದು 137 ರೂಪಾಯಿ, ಮತ್ತೊಂದು 412. ಆದರೆ ಮೊಬೈಲ್ ಆಟ, ಹಾಡಿನ ಚಂದಾ, ಇ-ಪುಸ್ತಕಗಳನ್ನು ಮಾರುವವರಿಗೆ ಬೆಲೆ ನಿಗದಿಯಾಗಿರುತ್ತದೆ. ದಿನಕ್ಕೆ ದರವೂ ಒಂದೇ. ಒಂದೇ ಬೆಲೆಯನ್ನು ಒಂದೇ ದರದಿಂದ ಪರಿವರ್ತಿಸಿದರೆ ಆ ದಿನದ ಎಲ್ಲ ಸಾಲುಗಳಲ್ಲೂ ದೋಷ ಒಂದೇ ದಿಕ್ಕಿಗೆ, ಒಂದೇ ಅಳತೆಯಲ್ಲಿ ಬೀಳುತ್ತದೆ. ಲಕ್ಷ ಸಾಲುಗಳಿದ್ದರೆ ಲಕ್ಷಪಟ್ಟಾಗುತ್ತದೆ, ಅಳಿಸಿಹೋಗುವುದಿಲ್ಲ.

ಲೆಕ್ಕ ಹಾಕಿಯೇ ನೋಡೋಣ. ಬೆಂಗಳೂರಿನ ಒಂದು ಕಂಪನಿ ಆಟದೊಳಗಿನ ಸಾಮಗ್ರಿಯನ್ನು 10 ರೂಪಾಯಿಗೆ ಮಾರುತ್ತದೆ, ಅಮೆರಿಕದ ಮಾತೃಸಂಸ್ಥೆಗೆ ಡಾಲರಿನಲ್ಲಿ ವರದಿ ಕಳಿಸುತ್ತದೆ ಎಂದಿಟ್ಟುಕೊಳ್ಳಿ. ಸೋಮವಾರ ಡಾಲರಿಗೆ 86.90 ರೂಪಾಯಿ. ಒಂದು ಮಾರಾಟ 0.11507 ಡಾಲರ್; ರೌಂಡ್ ಆಫ್ ಮಾಡಿದರೆ 12 ಸೆಂಟ್. ಮಂಗಳವಾರ ದರ 87.00. ಈಗ 0.11494, ರೌಂಡ್ ಆಫ್ ಮಾಡಿದರೆ 11 ಸೆಂಟ್. ಎರಡೂ ದಿನ ಒಂದೊಂದು ಲಕ್ಷ ಮಾರಾಟವಾಗಿದ್ದರೆ ಸಾಲು ಸಾಲಾಗಿ ರೌಂಡ್ ಆಫ್ ಮಾಡಿದ ವರದಿಯಲ್ಲಿ ಸೋಮವಾರ 12,000 ಡಾಲರ್, ಮಂಗಳವಾರ 11,000. ನಿಜವಾದ ಮೊತ್ತಗಳು 11,507.48 ಮತ್ತು 11,494.25. ರೂಪಾಯಿ ಕುಸಿದದ್ದು ಹತ್ತು ಪೈಸೆ, ಆದಾಯ ಕಡಿಮೆಯಾದದ್ದು ಹದಿಮೂರು ಡಾಲರ್ ಚಿಲ್ಲರೆ. ವರದಿ ಮಾತ್ರ ಒಂದೇ ದಿನದಲ್ಲಿ ಶೇ 8ಕ್ಕೂ ಹೆಚ್ಚು ಕುಸಿತ ತೋರಿಸುತ್ತದೆ. ಆ ಅಂಕಿ ಹಿಡಿದುಕೊಂಡು ಮಾರಾಟ ವಿಭಾಗದವರನ್ನು ಕರೆದು ಏನಾಯಿತು ಎಂದು ಕೇಳುವವರಿರುತ್ತಾರೆ. ಏನೂ ಆಗದಿದ್ದ ದಿನಕ್ಕೆ ಅವರು ಕಾರಣ ಹುಡುಕಬೇಕು. ಇದು ಅನ್ಯಾಯ.

ಇಂಥ ವರದಿಯಲ್ಲಿ ತಾಳೆ ಪಕ್ಕಾ ಇರುತ್ತದೆ ಎಂಬುದೇ ದೊಡ್ಡ ಅಪಾಯ. ಲಕ್ಷ ಸಾಲುಗಳನ್ನು ಯಾರು ಕೂಡಿದರೂ 11,000 ಬರುತ್ತದೆ, ಹಾಗಾಗಿ ಯಾರಿಗೂ ಅನುಮಾನ ಹುಟ್ಟುವುದಿಲ್ಲ. ಪತ್ತೆ ಮಾಡುವ ದಾರಿ ಒಂದಿದೆ: ಆ ದಿನದ ಮಾರಾಟವನ್ನು ಮೂಲ ಕರೆನ್ಸಿಯಲ್ಲಿ ಕೂಡಿ, ಆ ಮೊತ್ತವನ್ನು ಒಮ್ಮೆ ಮಾತ್ರ ಪರಿವರ್ತಿಸಿ, ವರದಿಯ ಅಂಕಿಯ ಪಕ್ಕದಲ್ಲಿಡಿ. ಹತ್ತು ಲಕ್ಷ ರೂಪಾಯಿಯನ್ನು 87ರಿಂದ ಭಾಗಿಸಿದರೆ 11,494.25 ಬರುತ್ತದೆ. ಪಕ್ಕದಲ್ಲಿ 11,000 ಇದ್ದರೆ ದೋಷ ಎಲ್ಲಿದೆ ಎಂದು ಬೇರೆ ಹೇಳಬೇಕಿಲ್ಲ. ಡೇಟಾಬೇಸಿನಲ್ಲಿ ಇದು ಎರಡು ಪದಗಳ ಸ್ಥಾನಪಲ್ಲಟ, ಅಷ್ಟೇ:

```sql
SUM(ROUND(s.amount / r.rate, 2))   -- 11000.00
ROUND(SUM(s.amount / r.rate), 2)   -- 11494.25
```

ಎದುರುವಾದದಲ್ಲಿ ಹುರುಳಿಲ್ಲವೆಂದಲ್ಲ. ಗ್ರಾಹಕನಿಗೆ ಕೊಟ್ಟ ಬಿಲ್ಲಿನಲ್ಲಿ ಅರ್ಧ ಸೆಂಟ್ ಬರೆಯಲಾಗದು. ತೆರಿಗೆಯನ್ನು ಹತ್ತಿರದ ರೂಪಾಯಿಗೆ ರೌಂಡ್ ಆಫ್ ಮಾಡಬೇಕೆಂದು ಜಿಎಸ್‌ಟಿ ಕಾಯ್ದೆಯ 170ನೇ ಸೆಕ್ಷನ್ನೇ ಹೇಳುತ್ತದೆ. ಹಣ ಕೈ ಬದಲಾಯಿಸಿದ ಕಡೆ ರೌಂಡ್ ಆದ ಅಂಕಿಯೇ ಸತ್ಯ, ಲೆಡ್ಜರಿನಲ್ಲೂ ಅದೇ ಇರಬೇಕು. ಆದರೆ ನಮ್ಮ ಉದಾಹರಣೆಯಲ್ಲಿ ಯಾರೂ 11 ಸೆಂಟ್ ಕೊಟ್ಟಿಲ್ಲ, ಯಾರೂ ಪಡೆದಿಲ್ಲ. ಕೈ ಬದಲಾಯಿಸಿದ್ದು 10 ರೂಪಾಯಿ. ಡಾಲರ್ ಅಂಕಿ ದೇಶದೇಶಗಳನ್ನು ಹೋಲಿಸಲು ನಾವು ಹಾಕಿಕೊಂಡ ಲೆಕ್ಕ. ಬಿಲ್ಲಿನ ಶಿಸ್ತನ್ನು ತಂದು ಅದರ ಮೇಲೆ ಹೇರಲು ಕಾರಣವಿಲ್ಲ.

ಕೊನೆಯಲ್ಲಿ ಮಾತ್ರ ರೌಂಡ್ ಆಫ್ ಮಾಡಿದಾಗ ಒಂದು ಮುಜುಗರ ಎದುರಾಗುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಭಾರತ 11,494.253, ಜಪಾನ್ 4,210.334, ಜರ್ಮನಿ 7,305.124 ಎಂದಿದ್ದರೆ ಪುಟದಲ್ಲಿ ಕಾಣುವುದು .25, .33, .12, ಕೂಡಿದರೆ 23,009.70. ಒಟ್ಟು ಮೊತ್ತ ಮಾತ್ರ 23,009.71 ಎಂದಿರುತ್ತದೆ. ಈ ಒಂದು ಸೆಂಟಿಗೆ ಹೆದರಿ ಹಲವರು ಹಳೆಯ ಪದ್ಧತಿಗೆ ಮರಳುತ್ತಾರೆ. ಒಂದು ಸೆಂಟಿನ ಕಾಣುವ ವ್ಯತ್ಯಾಸ ತಪ್ಪಿಸಲು ಐನೂರು ಡಾಲರಿನ ಕಾಣದ ವ್ಯತ್ಯಾಸವನ್ನು ಒಪ್ಪಿಕೊಂಡಂತೆ ಅದು. ಪುಟದ ಕೆಳಗೆ ‘ರೌಂಡಿಂಗ್ ವ್ಯತ್ಯಾಸ 0.01’ ಎಂದು ಒಂದು ಸಾಲು ಹಾಕಿದರೆ ಮುಗಿಯಿತು. ದೇಶವೊಂದರ ಅಂಕಿಯನ್ನು ತಿದ್ದಿ ಸರಿಹೊಂದಿಸುವುದು ಮಾತ್ರ ಬೇಡ. ಮುಂದಿನ ತಿಂಗಳು ಅದೇ ದೇಶದ ವರದಿಯನ್ನು ಬೇರೆಯಾಗಿ ತೆಗೆದವರಿಗೆ ಬೇರೆ ಅಂಕಿ ಸಿಗುತ್ತದೆ.

ದರವನ್ನೇ ಮೊಟಕುಗೊಳಿಸುವವರೂ ಇದ್ದಾರೆ. ಅವರಿಗೆ ಯೂರೋ ಬಂದ ಕಾಲದ ನಿಯಮ ಗೊತ್ತಿರಬೇಕು. ಯುರೋಪಿಯನ್ ಒಕ್ಕೂಟದ 1997ರ 1103ನೇ ನಿಯಮಾವಳಿ ಪರಿವರ್ತನಾ ದರಗಳನ್ನು ಆರು ಸಾರ್ಥಕ ಅಂಕಿಗಳಲ್ಲಿ ನಿಗದಿ ಮಾಡಲು ಹೇಳಿತು. ಜರ್ಮನ್ ಮಾರ್ಕಿನದು 1.95583 ಆಯಿತು. ಪರಿವರ್ತಿಸುವಾಗ ಆ ದರವನ್ನು ರೌಂಡ್ ಮಾಡಕೂಡದು, ತಿರುಗಿಸಿ ವಿಲೋಮ ದರ ಮಾಡಿಕೊಳ್ಳಲೂ ಕೂಡದು ಎಂದಿತು. ನಮ್ಮ ಕಂಪನಿ 87.00 ಎಂಬ ದರವನ್ನು ತಿರುಗಿಸಿ, ನಾಲ್ಕೇ ದಶಾಂಶದ ಕಾಲಮ್ಮಿನಲ್ಲಿ 0.0115 ಎಂದು ಇಟ್ಟುಕೊಂಡರೆ ಹತ್ತು ಲಕ್ಷ ರೂಪಾಯಿ 11,500 ಡಾಲರ್ ಆಗುತ್ತದೆ. ಕೊನೆಯಲ್ಲಿ ಎಷ್ಟೇ ಜೋಪಾನವಾಗಿ ರೌಂಡ್ ಆಫ್ ಮಾಡಿದರೂ ಆ 5.75 ಡಾಲರ್ ಸರಿಯಾಗುವುದಿಲ್ಲ. ದರ ಪ್ರಕಟವಾದ ದಿಕ್ಕಿನಲ್ಲೇ, ಪ್ರಕಟವಾದಷ್ಟೂ ಅಂಕಿಗಳೊಂದಿಗೆ ಉಳಿಯಲಿ, ಬೇಕಾದಾಗ ಭಾಗಿಸಿ.

ಏಕರೂಪತೆ ಎಂದರೆ ಎಲ್ಲ ಕಡೆ ಎರಡು ದಶಾಂಶ ಎಂದು ತಿಳಿದವರು ಅರ್ಧದ ನಿಯಮವನ್ನು ಮರೆಯುತ್ತಾರೆ. ದರ ಸರಿಯಾಗಿ 80 ಇದ್ದ ದಿನ 10 ರೂಪಾಯಿ 0.125 ಡಾಲರ್. ಎಕ್ಸೆಲ್‌ನ `ROUND` ಅದನ್ನು 0.13 ಮಾಡುತ್ತದೆ. ಪೈಥಾನ್‌ನ `round` ಅರ್ಧ ಬಂದಾಗ ಸಮಸಂಖ್ಯೆಯತ್ತ ಹೋಗುವುದರಿಂದ 0.12 ಮಾಡುತ್ತದೆ. ಸಾಲು ಸಾಲಿಗೆ ರೌಂಡ್ ಮಾಡುವ ಪದ್ಧತಿಯಲ್ಲಿ ಲಕ್ಷ ಮಾರಾಟಕ್ಕೆ ಇದು 13,000 ಮತ್ತು 12,000ದ ಜಗಳ. ಕೊನೆಯಲ್ಲೊಮ್ಮೆ ಮಾಡಿದರೆ ಎರಡರಲ್ಲೂ 12,500. ಆಗಲೂ ಯಾವ ನಿಯಮ ಎಂಬುದನ್ನು ಬರೆದಿಡಬೇಕು, ಆದರೆ ಪಣಕ್ಕಿರುವುದು ಒಂದು ಸೆಂಟ್ ಮಾತ್ರ.

ದಿನದ ದರ ಎಂಬ ಮಾತಿನಲ್ಲೂ ಒಂದು ಗುಂಡಿಯಿದೆ. ರೂಪಾಯಿಯ ಉಲ್ಲೇಖ ದರವನ್ನು 2018ರ ಜುಲೈಯಿಂದ ರಿಸರ್ವ್ ಬ್ಯಾಂಕಿನ ಬದಲು ಎಫ್‌ಬಿಐಎಲ್ ಪ್ರಕಟಿಸುತ್ತಿದೆ. ಶನಿವಾರ, ಭಾನುವಾರ ದರ ಬರುವುದಿಲ್ಲ. ಆಟ ಆಡುವವರು ಮಾತ್ರ ಅಂದೇ ಹೆಚ್ಚು. ಮಾರಾಟದ ದಿನಾಂಕವನ್ನೂ ದರದ ದಿನಾಂಕವನ್ನೂ ನೇರವಾಗಿ `JOIN` ಮಾಡಿದರೆ ವಾರಾಂತ್ಯದ ಮಾರಾಟ ಸದ್ದಿಲ್ಲದೆ ವರದಿಯಿಂದಲೇ ಬಿದ್ದುಹೋಗುತ್ತದೆ. ಹಿಂದಿನ ಕೆಲಸದ ದಿನದ ದರವನ್ನು ಮುಂದಕ್ಕೆ ಎಳೆದು ಪ್ರತಿ ದಿನಕ್ಕೂ ಒಂದು ಸಾಲು ತುಂಬಿಡಬೇಕು, ಪರಿವರ್ತನೆಯ ಮೊದಲೂ ನಂತರವೂ ಬಿಲ್ಲುಗಳ ಸಂಖ್ಯೆ ಒಂದೇ ಇದೆಯೇ ಎಂದು ಎಣಿಸಬೇಕು.

ನಿಮ್ಮ ಕಚೇರಿಯಲ್ಲಿ ಇಂಥ ವರದಿ ತಯಾರಾಗುತ್ತಿದ್ದರೆ, ಕಳೆದ ತಿಂಗಳಿನ ದತ್ತಾಂಶದ ಮೇಲೆ ಮೇಲಿನ ಎರಡು ಸಾಲುಗಳನ್ನೂ ಓಡಿಸಿ ನೋಡಿ. ಅತಿ ಕಡಿಮೆ ಬೆಲೆಯ ಸರಕಿನಿಂದ ಶುರು ಮಾಡಿ. ವ್ಯತ್ಯಾಸ ಇದ್ದರೆ ಮೊದಲು ಸಿಗುವುದು ಅಲ್ಲೇ.