ಚರ್ಚೆಯ ಅಧ್ಯಾಯದಲ್ಲಿ ಹೋಲಿಕೆ ಮತ್ತು ಮಿತಿ: ಶುಶ್ರೂಷಾ ಪ್ರಬಂಧಗಳ ಒಂದು ವಿಮರ್ಶೆ

ಶುಶ್ರೂಷಾ ವಿಜ್ಞಾನದ ಸ್ನಾತಕೋತ್ತರ ಪ್ರಬಂಧಗಳಲ್ಲಿ ಚರ್ಚೆಯ ಅಧ್ಯಾಯವು ಬಹುಮಟ್ಟಿಗೆ ಒಂದು ಸಿದ್ಧ ವಾಕ್ಯದ ಆಶ್ರಯದಲ್ಲಿ ನಿಂತಿರುತ್ತದೆ. ತನ್ನ ಫಲಿತಾಂಶವನ್ನು ಹೇಳಿ, ಹಿಂದಿನ ಯಾವುದೋ ಅಧ್ಯಯನದ ಶೇಕಡಾವಾರನ್ನು ಪಕ್ಕದಲ್ಲಿಟ್ಟು, ‘ಇದು ಆ ಅಧ್ಯಯನದಿಂದ ಸಮರ್ಥಿತವಾಗಿದೆ’ ಎಂದು ಮುಗಿಸುವುದು ರೂಢಿಯಾಗಿದೆ. ಎರಡು ಅಂಕಿಗಳು ಹತ್ತಿರವಾಗಿರುವುದು ಸಮರ್ಥನೆಯಲ್ಲ. ದೂರವಾಗಿರುವುದು ವಿರೋಧವೂ ಅಲ್ಲ. ಅವು ಒಂದೇ ಅಳತೆಯಿಂದ ಬಂದವೇ ಎಂಬುದು ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆ.

ಈ ಮಾತನ್ನು ಒಂದು ಕಲ್ಪಿತ ನಿದರ್ಶನದಿಂದ ಸ್ಪಷ್ಟಪಡಿಸಬಹುದು. ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರಿನ ಸುತ್ತಲ ಗ್ರಾಮಗಳಲ್ಲಿ ವಿದ್ಯಾರ್ಥಿನಿಯೊಬ್ಬಳು ಗರ್ಭಿಣಿಯರ ರಕ್ತಹೀನತೆಯನ್ನು ಕುರಿತು ಅಧ್ಯಯನ ನಡೆಸಿದಳೆಂದು ಭಾವಿಸೋಣ. ತಪಾಸಣೆಯ ದಿನ ಬಂದ 60 ಮಂದಿಯಲ್ಲಿ 42 ಮಂದಿಗೆ, ಅಂದರೆ ಶೇ. 70ರಷ್ಟು ಮಂದಿಗೆ, ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆ ಇತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ಈ ಪ್ರಮಾಣ ಶೇ. 45.7. ‘ಕಾಡಂಚಿನ ಗ್ರಾಮಗಳಲ್ಲಿ ರಕ್ತಹೀನತೆ ರಾಜ್ಯದ ಸರಾಸರಿಗಿಂತ ಬಹಳ ಹೆಚ್ಚು’ ಎಂಬ ತೀರ್ಮಾನ ತಾನಾಗಿಯೇ ಲೇಖನಿಗೆ ಇಳಿಯುತ್ತದೆ.

60 ಮಂದಿಯ ಮಾದರಿಯಲ್ಲಿ ಶೇ. 70 ಎಂಬುದರ ನಿಜವಾದ ಬೆಲೆ ಸುಮಾರು ಶೇ. 58ರಿಂದ 82ರ ನಡುವೆ ಇರಬಹುದು. ಇದು ಮಂದಿಯನ್ನು ಯಾದೃಚ್ಛಿಕವಾಗಿ ಆರಿಸಿದ್ದರೆ ಸಲ್ಲುವ ಲೆಕ್ಕ. ತಪಾಸಣೆಗೆ ಬಂದವರನ್ನೇ ತೆಗೆದುಕೊಂಡಾಗ ಅದು ಅಂದಾಜು ಮಾತ್ರ. ಹಾಗಿದ್ದರೂ ಇಷ್ಟು ದೊಡ್ಡ ಅಂತರವನ್ನು ಕೇವಲ ಆಕಸ್ಮಿಕವೆಂದು ತಳ್ಳಿಹಾಕಲಾಗದು. ಆದರೆ ಅದು ಊರಿನದೋ ಅಳತೆಯದೋ ಎಂಬುದು ಇನ್ನೂ ತಿಳಿದಿಲ್ಲ. ಸಮೀಕ್ಷೆಯವರು ಬೆರಳಿನ ರಕ್ತವನ್ನು ಹಿಮೋಕ್ಯೂ ಎಂಬ ಯಂತ್ರದಲ್ಲಿ ಪರೀಕ್ಷಿಸಿದರು. ವಿದ್ಯಾರ್ಥಿನಿ ಸಾಹ್ಲಿ ವಿಧಾನವನ್ನು ಬಳಸಿದ್ದಳು. ಅದರಲ್ಲಿ ರಕ್ತವನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಬೆರೆಸಿ, ಸುಮಾರು ಹತ್ತು ನಿಮಿಷ ಬಿಟ್ಟು, ಭಟ್ಟಿ ಇಳಿಸಿದ ನೀರನ್ನು ಹನಿಹನಿಯಾಗಿ ಸೇರಿಸುತ್ತ ಬಣ್ಣವನ್ನು ಕಣ್ಣಿನಿಂದ ಹೊಂದಿಸಬೇಕು. ಸಾಲಿನಲ್ಲಿ ಜನ ಕಾದಿರುವಾಗ ಆ ಹತ್ತು ನಿಮಿಷ ಐದಾದರೆ ಬಣ್ಣ ಪೂರ್ಣ ಬೆಳೆಯದೆ ಓದು ಕಡಿಮೆ ಬರುತ್ತದೆ. ರಕ್ತಹೀನರ ಸಂಖ್ಯೆ ಏರುತ್ತದೆ.

ಅಳತೆಯ ವಿಧಾನ ಬದಲಾದರೆ ಅಂಕಿ ಎಷ್ಟು ಬದಲಾಗಬಹುದೆಂಬುದಕ್ಕೆ ರಾಷ್ಟ್ರಮಟ್ಟದ ನಿದರ್ಶನವೇ ಇದೆ. 2015–16ರ ಕುಟುಂಬ ಆರೋಗ್ಯ ಸಮೀಕ್ಷೆ ಬೆರಳಿನ ರಕ್ತದಿಂದ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 58.6ರಷ್ಟು ರಕ್ತಹೀನತೆಯನ್ನು ಕಂಡಿತು. 2016–18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆ ಅಭಿಧಮನಿಯ ರಕ್ತವನ್ನು ಪರೀಕ್ಷಿಸಿ, ಒಂದರಿಂದ ನಾಲ್ಕು ವರ್ಷದವರಲ್ಲಿ ಶೇ. 41 ಎಂದಿತು. ವಯಸ್ಸಿನ ಮಿತಿಯೂ ತುಸು ಬೇರೆ. ಆದರೆ ಆ ಅಂತರದಲ್ಲಿ ಸೂಜಿ ಚುಚ್ಚಿದ ಜಾಗಕ್ಕೂ ಪಾಲಿದೆಯೆಂದು ತಜ್ಞರು ವಾದಿಸಿದ್ದಾರೆ.

ಇನ್ನೊಂದು ಕಾರಣ ಗರ್ಭದ ತಿಂಗಳಲ್ಲಿದೆ. ನಾಲ್ಕರಿಂದ ಆರನೆಯ ತಿಂಗಳಿನ ಅವಧಿಯಲ್ಲಿ ರಕ್ತದ ದ್ರವಭಾಗ ಹೆಚ್ಚುವುದರಿಂದ ಹಿಮೋಗ್ಲೋಬಿನ್ ಸಹಜವಾಗಿಯೇ ಇಳಿಯುತ್ತದೆ. ಈ ಕಾರಣದಿಂದ ವಿಶ್ವ ಆರೋಗ್ಯ ಸಂಸ್ಥೆಯು 2024ರಲ್ಲಿ ಆ ಅವಧಿಯ ಗಡಿಯನ್ನು 10.5 ಗ್ರಾಂ ಎಂದು ನಿಗದಿಪಡಿಸಿತು. ಮಾದರಿಯಲ್ಲಿ ಆ ಅವಧಿಯವರೇ ಹೆಚ್ಚಿದ್ದರೆ, 11ರ ಗಡಿಯಿಂದ ಎಣಿಸಿದ ಶೇ. 70 ಉಬ್ಬಿದ ಅಂಕಿಯಾಗುತ್ತದೆ.

ಇಲ್ಲಿಗೆ ಚರ್ಚೆ ಮಿತಿಗಳ ನಿರೂಪಣೆಯಲ್ಲಿ ಕೂಡಿಕೊಳ್ಳುತ್ತದೆ. ‘ಅಧ್ಯಯನವು 60 ಗರ್ಭಿಣಿಯರಿಗೆ ಸೀಮಿತ, ಆಯ್ದ ಗ್ರಾಮಗಳಿಗೆ ಸೀಮಿತ’ ಎಂದು ಬರೆಯುವುದು ವಾಡಿಕೆ. ಇದು ಸಂಶೋಧಕಿ ತಾನೇ ಹಾಕಿಕೊಂಡ ವ್ಯಾಪ್ತಿ, ಮಿತಿಯಲ್ಲ. ಮಿತಿಯೆಂದರೆ ಫಲಿತಾಂಶವನ್ನು ಒಂದು ದಿಕ್ಕಿಗೆ ವಾಲಿಸಿರಬಹುದಾದ ದೋಷ. ಸಾಹ್ಲಿ ವಿಧಾನದ ಅವಸರ ಪ್ರಮಾಣವನ್ನು ಮೇಲಕ್ಕೆ ತಳ್ಳಬಲ್ಲದು. ತಪಾಸಣೆಗೆ ಬಾರದವರು, ಉದಾಹರಣೆಗೆ ಕೂಲಿಗಾಗಿ ವಯನಾಡಿಗೆ ಹೋದವರು ಅಥವಾ ದೂರದ ಹಾಡಿಯಲ್ಲೇ ಉಳಿದವರು, ಹೆಚ್ಚು ರಕ್ತಹೀನರಾಗಿದ್ದರೆ ಅದೇ ಪ್ರಮಾಣ ನಿಜಕ್ಕಿಂತ ಕಡಿಮೆ ಕಾಣುತ್ತದೆ. ಎರಡನ್ನೂ ದಿಕ್ಕಿನೊಡನೆ ಹೇಳಿದಾಗ ಮಾತ್ರ ಓದುಗನಿಗೆ ಶೇ. 70ರ ತೂಕ ತಿಳಿಯುತ್ತದೆ.

ಆಗ ತೀರ್ಮಾನದ ವಾಕ್ಯ ಬೇರೆಯೇ ರೂಪ ಪಡೆಯುತ್ತದೆ: ‘ಈ ಗ್ರಾಮಗಳಲ್ಲಿ ತಪಾಸಣೆಗೆ ಬಂದ ಗರ್ಭಿಣಿಯರಲ್ಲಿ ರಕ್ತಹೀನತೆ ವ್ಯಾಪಕವಾಗಿ ಕಂಡುಬಂದಿದೆ, ಅಳತೆಯ ವಿಧಾನ ಮತ್ತು ಗರ್ಭದ ಅವಧಿ ಬೇರೆಯಾದುದರಿಂದ ರಾಜ್ಯದ ಸರಾಸರಿಯೊಡನೆ ನೇರ ಹೋಲಿಕೆ ಸಲ್ಲದು.’ ಇದು ದುರ್ಬಲ ವಾಕ್ಯವೆಂದು ಮಾರ್ಗದರ್ಶಕರಿಗೂ ಪರೀಕ್ಷಕರಿಗೂ ತೋರಬಹುದು. ಆದರೆ ಪ್ರಬಂಧವನ್ನು ಓದಿ ಕಬ್ಬಿಣಾಂಶದ ಮಾತ್ರೆಗಳ ಬೇಡಿಕೆಯನ್ನು ಅಂದಾಜಿಸುವ ಆರೋಗ್ಯಾಧಿಕಾರಿಗೆ ನಿಲ್ಲಲು ನೆಲ ಒದಗಿಸುವುದು ಇದೇ. ಮೊದಲಿನ ದಿಟ್ಟ ತೀರ್ಮಾನ ಅವರನ್ನು ದಾರಿ ತಪ್ಪಿಸುತ್ತಿತ್ತು.