‘ಕಡಿಮೆಯಾಯಿತು’ ಎಂಬ ಕ್ರಿಯಾಪದದ ಹೊಣೆ: ವೈದ್ಯಕೀಯ ಪ್ರಬಂಧದ ಸರಳ ಸಾರಾಂಶವನ್ನು ಕುರಿತು

ಔಷಧಿ ಪ್ರಯೋಗಗಳ ಫಲಿತಾಂಶವನ್ನು ಜನಸಾಮಾನ್ಯರಿಗೆ ತಿಳಿಯುವ ಭಾಷೆಯಲ್ಲಿಯೂ ಪ್ರಕಟಿಸಬೇಕೆಂದು ಐರೋಪ್ಯ ಒಕ್ಕೂಟದ 2014ರ 536ನೆಯ ನಿಯಮವು ವಿಧಿಸುತ್ತದೆ. ಇಂತಹ ಸರಳ ಸಾರಾಂಶಗಳ ಬಗೆಗಿನ ಚರ್ಚೆಯು ಸಾಮಾನ್ಯವಾಗಿ ಒಂದೇ ನಂಬಿಕೆಯ ಮೇಲೆ ನಿಂತಿರುತ್ತದೆ: ಪಾರಿಭಾಷಿಕ ಪದಗಳು ನಿಖರ, ಆದರೆ ಕಠಿಣ, ದಿನಬಳಕೆಯ ಪದಗಳು ಸುಲಭ, ಆದರೆ ಸಡಿಲ. ಆದ್ದರಿಂದ ಸಾರಾಂಶಕಾರನು ಇವೆರಡರ ನಡುವೆ ಎಲ್ಲಿಯೋ ಒಂದು ಕಡೆ ನಿಲ್ಲಬೇಕು. ಈ ನಂಬಿಕೆಯು ಕನ್ನಡದ ಮಟ್ಟಿಗೆ ದಾರಿ ತಪ್ಪಿಸುತ್ತದೆ ಎಂಬುದು ನಮ್ಮ ವಾದ. ರೋಗಿಯ ಮನೆಯವರು ತಪ್ಪಾಗಿ ತಿಳಿಯುವುದು ಬಹುಪಾಲು ಪಾರಿಭಾಷಿಕ ಪದಗಳಿಂದಲ್ಲ, ಯಾರೂ ಅರ್ಥ ಕೇಳದ ಪದಗಳಿಂದ.

ಇದನ್ನು ಒಂದೇ ಪ್ರಬಂಧದ ಮೂಲಕ ಪರೀಕ್ಷಿಸೋಣ. ಅಲ್ಝೈಮರ್ ಕಾಯಿಲೆಗೆ ನೀಡುವ ಲೆಕಾನೆಮ್ಯಾಬ್ ಎಂಬ ಔಷಧಿಯ ಪ್ರಯೋಗದ ವರದಿಯು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ 2022ರ ನವೆಂಬರ್ ಕೊನೆಯಲ್ಲಿ ಅಂತರ್ಜಾಲದಲ್ಲಿಯೂ 2023ರ ಆರಂಭದಲ್ಲಿ ಮುದ್ರಣದಲ್ಲಿಯೂ ಬಂದಿತು. ಕಾಯಿಲೆಯ ಆರಂಭದ ಹಂತದಲ್ಲಿದ್ದ 1,795 ಮಂದಿಯಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಎರಡು ವಾರಕ್ಕೊಮ್ಮೆ ಔಷಧಿಯನ್ನೂ ಉಳಿದವರಿಗೆ ಹುಸಿ ಔಷಧಿಯನ್ನೂ 18 ತಿಂಗಳು ನೀಡಲಾಯಿತು. ನೆನಪು, ದಿಕ್ಕು-ಕಾಲಗಳ ಅರಿವು, ವಿವೇಚನೆ, ಹೊರಗಿನ ವ್ಯವಹಾರ, ಮನೆಯ ಕೆಲಸ, ಸ್ವಂತ ಆರೈಕೆ ಎಂಬ ಆರು ವಿಭಾಗಗಳಲ್ಲಿ ರೋಗಿಯ ಸ್ಥಿತಿಯನ್ನು ಅಳೆಯುವ ಮಾಪಕವೊಂದು ಪ್ರಯೋಗದ ಮುಖ್ಯ ಅಳತೆಯಾಗಿತ್ತು. ಇದರ ಒಟ್ಟು ಮೊತ್ತ 0ಯಿಂದ 18. ಮೊತ್ತ ಏರಿದಷ್ಟೂ ಸ್ಥಿತಿ ಹದಗೆಟ್ಟಿದೆ ಎಂದರ್ಥ. ಆರಂಭದಲ್ಲಿ ಎರಡೂ ಗುಂಪುಗಳ ಸರಾಸರಿ ಸುಮಾರು 3.2. ಕೊನೆಗೆ ಔಷಧಿ ಪಡೆದವರಲ್ಲಿ ಅದು 1.21ರಷ್ಟು, ಉಳಿದವರಲ್ಲಿ 1.66ರಷ್ಟು ಏರಿತು. ವ್ಯತ್ಯಾಸ 0.45. ಈ 0.45 ಎಂಬುದು 1.66ರ ಶೇ. 27. ತಯಾರಕರ 2022ರ ಸೆಪ್ಟೆಂಬರ್ ಪ್ರಕಟಣೆಯಲ್ಲಿದ್ದು ಸುದ್ದಿಯಲ್ಲಿ ಹರಡಿದ್ದು ಈ 27. ಪ್ರಬಂಧದ ಸಾರಲೇಖದಲ್ಲಿ ಆ ಸಂಖ್ಯೆ ಇಲ್ಲ.

ಈಗ ವಿಶ್ಲೇಷಣೆಗೆಂದು ನಾವೇ ರಚಿಸಿದ, ಆದರೆ ಯಾವ ಕರಪತ್ರದಲ್ಲಾದರೂ ಸಹಜವಾಗಿ ಕಾಣಬಹುದಾದ ವಾಕ್ಯವೊಂದನ್ನು ನೋಡೋಣ: ‘ಈ ಔಷಧಿಯಿಂದ ಮರೆವಿನ ಕಾಯಿಲೆ ಶೇ. 27ರಷ್ಟು ಕಡಿಮೆಯಾಗುತ್ತದೆ.’ ಇದರಲ್ಲಿ ಕಠಿಣವಾದ ಒಂದು ಪದವೂ ಇಲ್ಲ. ಆದರೆ ಇದಕ್ಕೆ ಮೂರು ಅರ್ಥಗಳು ಸಾಧ್ಯ. ನೂರರಲ್ಲಿ 27 ಮಂದಿಗೆ ಗುಣವಾಗುತ್ತದೆ ಎಂಬುದು ಒಂದು. ಪ್ರತಿಯೊಬ್ಬರ ಈಗಿನ ಮರೆವು ಕಾಲುಭಾಗದಷ್ಟು ಇಳಿಯುತ್ತದೆ ಎಂಬುದು ಇನ್ನೊಂದು. ಹದಗೆಡುವಿಕೆಯ ಪ್ರಮಾಣವು ಔಷಧಿ ಇಲ್ಲದವರಿಗೆ ಹೋಲಿಸಿದರೆ ಕಾಲುಭಾಗದಷ್ಟು ಸಣ್ಣದು ಎಂಬುದು ಮೂರನೆಯದು. ಪ್ರಬಂಧ ಹೇಳುವುದು ಮೂರನೆಯದನ್ನು ಮಾತ್ರ. ವಾಕ್ಯವು ಓದುಗರನ್ನು ಒಯ್ಯುವುದು ಮೊದಲೆರಡರ ಕಡೆಗೆ.

ಇದಕ್ಕೆ ಕಾರಣ ‘ಕಡಿಮೆಯಾಗು’ ಎಂಬ ಕ್ರಿಯಾಪದದ ಬಳಕೆಯಲ್ಲಿಯೇ ಇದೆ. ಕನ್ನಡದಲ್ಲಿ ಕಾಯಿಲೆಯ ಹೆಸರು ಕರ್ತೃವಾದಾಗ ಈ ಕ್ರಿಯಾಪದವು ಪ್ರಮಾಣವನ್ನಷ್ಟೇ ಸೂಚಿಸುವುದಿಲ್ಲ, ಚೇತರಿಕೆಯನ್ನೂ ಸೂಚಿಸುತ್ತದೆ. ಹಾಸಿಗೆ ಹಿಡಿದವರನ್ನು ನೋಡಲು ಬಂದವರು ‘ಜ್ವರ ಕಡಿಮೆಯಾಯಿತೆ?’ ಎಂದು ಕೇಳಿದರೆ ಅದು ವಾಸಿಯಾಗುತ್ತಿದೆಯೇ ಎಂಬ ಪ್ರಶ್ನೆ. ಅಲ್ಲಿ ಹೋಲಿಕೆ ನಡೆಯುವುದು ಅದೇ ರೋಗಿಯ ನಿನ್ನೆಗೂ ಇಂದಿಗೂ ನಡುವೆ. ಪ್ರಯೋಗದಲ್ಲಿಯಾದರೋ ಹೋಲಿಕೆ ನಡೆದಿರುವುದು ಎರಡು ಗುಂಪುಗಳ ನಡುವೆ, ಮತ್ತು ಎರಡೂ ಗುಂಪುಗಳು ಸರಾಸರಿಯಲ್ಲಿ ಹದಗೆಟ್ಟಿವೆ. ಕ್ರಿಯಾಪದವು ತಾನಾಗಿಯೇ ತರುವ ಹೋಲಿಕೆಯೊಂದು, ಪ್ರಬಂಧಕ್ಕೆ ಬೇಕಾದ ಹೋಲಿಕೆ ಇನ್ನೊಂದು. ಮಾಪಕದ ವಿಷಯದಲ್ಲಿಯೂ ಇದೇ ತೊಡಕಿದೆ. ‘ಅಂಕ’ ಎಂದು ಬರೆದರೆ ಶಾಲೆಯ ಅಂಕಪಟ್ಟಿಯ ಅನುಭವವು ಮುಂದೆ ಬಂದು, ‘ಅಂಕ 1.21ರಷ್ಟು ಏರಿತು’ ಎಂಬುದು ಶುಭವಾರ್ತೆಯಾಗಿಬಿಡುತ್ತದೆ.

ಎರಡನೆಯ ತೊಡಕು ‘-ಬಹುದು’ ಪ್ರತ್ಯಯದ್ದು. ಇದು ಸಾಧ್ಯತೆಯನ್ನೂ ಅನುಮತಿಯನ್ನೂ ಸೂಚಿಸುತ್ತದೆ. ನಿಷೇಧರೂಪದಲ್ಲಿ ಇವೆರಡೂ ಬೇರೆಯಾಗುತ್ತವೆ (‘ಕೊಡದಿರಬಹುದು’, ‘ಕೊಡಬಾರದು’), ವಿಧಿರೂಪದಲ್ಲಿ ಬೇರೆಯಾಗುವುದಿಲ್ಲ. ಹೀಗಾಗಿ ‘ಆರಂಭದ ಹಂತದವರಿಗೆ ಈ ಔಷಧಿಯನ್ನು ಕೊಡಬಹುದು’ ಎಂಬ ವರದಿಯ ವಾಕ್ಯವು ಮನೆಯವರಿಗೆ ವೈದ್ಯರ ಸಲಹೆಯಾಗಿ ಕೇಳುತ್ತದೆ. ಅಡ್ಡಪರಿಣಾಮದ ಬಗ್ಗೆ ‘ಮಿದುಳಿನಲ್ಲಿ ಊತ ಬರಬಹುದು’ ಎಂದಾಗ ಸಂದಿಗ್ಧತೆ ಇಲ್ಲ, ಆದರೆ ಪ್ರಮಾಣವೂ ಇಲ್ಲ. ಔಷಧಿಗಳ ಬಗೆಗಿನ ಇಂತಹ ಎಚ್ಚರಿಕೆಗಳು ಅನೇಕ ವೇಳೆ ಇದೇ ಪ್ರತ್ಯಯದಲ್ಲಿ ಕೊನೆಗೊಳ್ಳುವುದರಿಂದ ಓದುಗರು ಇದನ್ನು ವಾಡಿಕೆಯ ಮಾತೆಂದು ದಾಟಿಹೋಗುತ್ತಾರೆ. ಇಲ್ಲವೇ ಖಚಿತವಾಗಿ ಬಂದೇ ಬರುತ್ತದೆಂದು ಹೆದರುತ್ತಾರೆ. ಪ್ರಬಂಧದಲ್ಲಿಯಾದರೋ ಲೆಕ್ಕ ಸ್ಪಷ್ಟವಾಗಿದೆ: ಸ್ಕ್ಯಾನ್‌ನಲ್ಲಿ ಇಂತಹ ಊತ ಕಂಡದ್ದು ಔಷಧಿ ಪಡೆದವರಲ್ಲಿ ಶೇ. 12.6, ಉಳಿದವರಲ್ಲಿ ಶೇ. 1.7, ಔಷಧಿ ಪಡೆದವರ ಪೈಕಿ ಊತದಿಂದ ರೋಗಲಕ್ಷಣ ಕಾಣಿಸಿಕೊಂಡದ್ದು ಶೇ. 2.8.

ಇಷ್ಟನ್ನು ಗಮನಿಸಿ ಬರೆದರೆ ಸಾರಾಂಶವು ಹೀಗಾಗುತ್ತದೆ:

‘ಒಂದೂವರೆ ವರ್ಷದ ಕೊನೆಗೆ ಎರಡೂ ಗುಂಪಿನವರ ಸ್ಥಿತಿ ಸರಾಸರಿಯಾಗಿ ಮೊದಲಿಗಿಂತ ಕೆಟ್ಟಿತ್ತು. ಔಷಧಿ ಪಡೆದವರದು ಉಳಿದವರಷ್ಟು ಕೆಟ್ಟಿರಲಿಲ್ಲ. ಆದರೆ ವ್ಯತ್ಯಾಸ ಸಣ್ಣದು: 18 ಹಂತಗಳ ಅಳತೆಯಲ್ಲಿ ಅರ್ಧ ಹಂತಕ್ಕಿಂತ ಸ್ವಲ್ಪ ಕಡಿಮೆ. ಔಷಧಿ ಪಡೆದ ಪ್ರತಿ 100 ಮಂದಿಯಲ್ಲಿ ಸುಮಾರು 13 ಮಂದಿಗೆ ಮಿದುಳಿನಲ್ಲಿ ಊತ ಇರುವುದು ಸ್ಕ್ಯಾನ್‌ನಲ್ಲಿ ಕಂಡಿತು. ಅವರಲ್ಲಿ ಸುಮಾರು 3 ಮಂದಿಗೆ ಅದರಿಂದ ತೊಂದರೆಯೂ ಆಯಿತು. ಔಷಧಿ ಪಡೆಯದ 100 ಮಂದಿಯಲ್ಲಿ ಊತ ಕಂಡದ್ದು ಸುಮಾರು 2 ಮಂದಿಗೆ.’

ಇಲ್ಲಿ ಪದಸಂಪತ್ತು ಮೊದಲಿನ ವಾಕ್ಯಕ್ಕಿಂತ ಕಠಿಣವಾಗಿಲ್ಲ, ಬದಲಾಗಿರುವುದು ರಚನೆ. ‘ಕೆಡು’ ಕ್ರಿಯಾಪದವು ಎರಡೂ ಗುಂಪುಗಳಿಗೆ ಮೊದಲೇ ಅನ್ವಯವಾಗಿರುವುದರಿಂದ ಚೇತರಿಕೆಯ ಅರ್ಥಕ್ಕೆ ಎಡೆಯಿಲ್ಲ. ‘ಉಳಿದವರಷ್ಟು’ ಎಂಬಲ್ಲಿನ ‘-ಅಷ್ಟು’ ಹೋಲಿಕೆಯ ಎದುರು ಪಕ್ಷವನ್ನು ವಾಕ್ಯದೊಳಗೇ ಹೆಸರಿಸುತ್ತದೆ. ‘ಕಡಿಮೆ’ ಎಂಬುದು ಉಳಿದಿದೆ, ಆದರೆ ಅದರ ಅಳತೆಗೋಲು ‘ಅರ್ಧ ಹಂತಕ್ಕಿಂತ’ ಎಂದು ಪಕ್ಕದಲ್ಲಿಯೇ ಇದೆ. ಕಾಯಿಲೆ ಅದರ ಕರ್ತೃವಲ್ಲ. ಕ್ರಿಯಾಪದಗಳು ಭೂತಕಾಲದಲ್ಲಿವೆ. ‘ಕಡಿಮೆಯಾಗುತ್ತದೆ’ ಎಂಬ ರೂಪ ಸಾರ್ವಕಾಲಿಕ ಸತ್ಯವನ್ನು ಹೇಳಿದರೆ, ‘ಕಂಡಿತು’ ಎಂಬುದು ಆ ಪ್ರಯೋಗದಲ್ಲಿ ಆದದ್ದನ್ನು ಮಾತ್ರ ಹೇಳುತ್ತದೆ.

ಈ ಪರಿಹಾರಕ್ಕೆ ಮಿತಿಯೂ ಇದೆ. 0.45ರ ವ್ಯತ್ಯಾಸವು ಮನೆಯ ದಿನಚರಿಯಲ್ಲಿ ಗೊತ್ತಾಗುವಷ್ಟು ದೊಡ್ಡದೇ ಎಂಬುದು ವೈದ್ಯರ ನಡುವೆಯೇ ವಿವಾದವಾಗಿದೆ. ‘ಸಣ್ಣದು’ ಎಂಬ ನಮ್ಮ ವಿಶೇಷಣವೂ ಆ ವಿವಾದದಲ್ಲಿ ಒಂದು ಪಕ್ಷ ವಹಿಸುತ್ತದೆ. ಪ್ರಬಂಧದ ಲೇಖಕರು ಬಳಸಿದ್ದು ‘ಸಾಧಾರಣ ಪ್ರಮಾಣದಲ್ಲಿ’ ಎಂಬುದಕ್ಕೆ ಹತ್ತಿರದ ಪದ. ವಿಶೇಷಣವನ್ನು ಬಿಟ್ಟರೆ ಓದುಗರು ಬರಿಯ ಸಂಖ್ಯೆಯೊಂದಿಗೆ ಉಳಿಯುತ್ತಾರೆ, ಇಟ್ಟರೆ ಬರೆದವರ ನಿರ್ಣಯ ಅವರದಾಗುತ್ತದೆ. ಇದನ್ನು ವ್ಯಾಕರಣ ಬಗೆಹರಿಸಲಾರದು. ಅಳತೆಯ ಹಂತ ಮತ್ತು ವಿಶೇಷಣ ಎರಡನ್ನೂ ಜೊತೆಯಾಗಿ ಇಡುವುದು ಸದ್ಯಕ್ಕೆ ನಮಗೆ ಕಾಣುವ ದಾರಿ.

ಸಾರಾಂಶ ಸರಿಯಾಗಿದೆಯೇ ಎಂದು ತಿಳಿಯಲು ವಾಕ್ಯದ ಉದ್ದ ಮತ್ತು ಪದದ ಅಕ್ಷರಸಂಖ್ಯೆಯನ್ನು ಎಣಿಸುವ ಓದುಸುಲಭತೆಯ ಸೂತ್ರಗಳು ನೆರವಾಗುವುದಿಲ್ಲ. ಪ್ರತ್ಯಯಗಳು ಸರಪಳಿಯಾಗಿ ಕೂಡುವ ಕನ್ನಡದಲ್ಲಿ ಪದದ ಉದ್ದವು ಕಷ್ಟದ ಅಳತೆಯಲ್ಲ. ಮೇಲಾಗಿ ನಮ್ಮ ಮೊದಲ ತಪ್ಪು ವಾಕ್ಯವು ಅಂತಹ ಸೂತ್ರಗಳಲ್ಲಿ ಸುಲಭವಾಗಿ ತೇರ್ಗಡೆಯಾಗುತ್ತದೆ. ಓದಿದ ಮನೆಯವರೊಬ್ಬರನ್ನು ಎರಡು ಪ್ರಶ್ನೆ ಕೇಳುವುದು ಇದಕ್ಕಿಂತ ಉತ್ತಮ ಪರೀಕ್ಷೆ: ‘ಔಷಧಿ ತೆಗೆದುಕೊಂಡವರು ಒಂದೂವರೆ ವರ್ಷದ ನಂತರ ಮೊದಲಿಗಿಂತ ಚೆನ್ನಾಗಿದ್ದರೆ?’ ‘ಅವರನ್ನು ಯಾರ ಜೊತೆ ಹೋಲಿಸಿದರು?’ ಮೊದಲನೆಯದಕ್ಕೆ ‘ಹೌದು’ ಎಂಬ ಉತ್ತರ ಬಂದರೆ, ಸಾರಾಂಶ ಎಷ್ಟೇ ಸರಾಗವಾಗಿದ್ದರೂ ಅದನ್ನು ಮತ್ತೆ ಬರೆಯಬೇಕು. ಭಾಷಾವಿಜ್ಞಾನಿಗಳು ಈ ಕ್ಷೇತ್ರಕ್ಕೆ ನೀಡಬೇಕಾದದ್ದು ಪಾರಿಭಾಷಿಕ ಪದಕೋಶಗಳಿಗಿಂತ ಮೊದಲು ‘ಕಡಿಮೆ’, ‘ಅಂಕ’, ‘-ಬಹುದು’ ಮುಂತಾದ ಪರಿಚಿತ ರೂಪಗಳ ಅರ್ಥವಿವರಣೆ ಎಂದು ನಾವು ಭಾವಿಸುತ್ತೇವೆ.